ನೋವು, ಕೆಂಪು, ಊತ: ಲೆಕ್ಕಕ್ಕೆ ಹಿಡಿಯುವುದು ಹೇಗೆ?

ಸರ್ಜಿಕಲ್ ವಾರ್ಡಿನಲ್ಲಿ ಹೆಚ್ಚುಕಡಿಮೆ ಎಲ್ಲ ರೋಗಿಗಳ ಕೈಯಲ್ಲೂ ಒಂದು ಐವಿ ಕ್ಯಾನುಲಾ ಇರುತ್ತದೆ. ಅದು ಎರಡು ಮೂರು ದಿನ ರಕ್ತನಾಳದಲ್ಲಿ ಕೂತರೆ ಕೆಲವರಿಗೆ ಆ ಜಾಗ ನೋಯುತ್ತದೆ, ಕೆಂಪಾಗುತ್ತದೆ, ಊದಿಕೊಳ್ಳುತ್ತದೆ. ನಾಳದ ಈ ಉರಿಯೂತಕ್ಕೆ ಫ್ಲೆಬೈಟಿಸ್ ಎನ್ನುತ್ತಾರೆ. ಆಗ ಕ್ಯಾನುಲಾ ತೆಗೆದು ಬೇರೆ ಕಡೆ ಚುಚ್ಚದೆ ಗತಿಯಿಲ್ಲ. ಮೊದಲೇ ನೋವಿನಲ್ಲಿರುವ ರೋಗಿಗೆ ಅದು ಮತ್ತೊಂದು ಹಿಂಸೆ.

ಎಂ.ಎಸ್ಸಿ. ನರ್ಸಿಂಗ್ ಓದುವ ವಿದ್ಯಾರ್ಥಿನಿಯೊಬ್ಬಳು ಇದನ್ನೇ ತನ್ನ ಪ್ರಬಂಧಕ್ಕೆ ಆರಿಸಿಕೊಂಡಳು ಎಂದಿಟ್ಟುಕೊಳ್ಳೋಣ. ಅಧ್ಯಯನ ಶುರುವಾಗುವ ಮೊದಲು ಆಕೆ ಒಂದು ಸಿನಾಪ್ಸಿಸ್ ಬರೆದು ಒಪ್ಪಿಗೆ ಪಡೆಯಬೇಕು. ಏನನ್ನು ಕೇಳುತ್ತೇನೆ, ಏನನ್ನು ಅಳೆಯುತ್ತೇನೆ, ಹೇಗೆ ಅಳೆಯುತ್ತೇನೆ ಎಂಬ ಬರಹ ಅದು. ‘ಕ್ಯಾನುಲಾ ಮತ್ತು ಫ್ಲೆಬೈಟಿಸ್ ಬಗ್ಗೆ ಅಧ್ಯಯನ’ ಎಂದರೆ ಅದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ.

ಆಕೆ ಮೊದಲು ಹೀಗೆ ಕೇಳಬಹುದು: ಸರ್ಜಿಕಲ್ ವಾರ್ಡಿಗೆ ದಾಖಲಾದ, 18 ವರ್ಷ ದಾಟಿದ ರೋಗಿಗಳಲ್ಲಿ ಕ್ಯಾನುಲಾ ಹಾಕಿದ 72 ಗಂಟೆಯೊಳಗೆ ಎಷ್ಟು ಜನರಿಗೆ ಫ್ಲೆಬೈಟಿಸ್ ಆಗುತ್ತದೆ? ಇದು ಎಣಿಕೆಯ ಪ್ರಶ್ನೆ. ಯಾರನ್ನು ಯಾರೊಂದಿಗೂ ಹೋಲಿಸುತ್ತಿಲ್ಲ. ಹಾಗಾಗಿ ಇದಕ್ಕೆ ಹೈಪಾಥಿಸಿಸ್, ಅಂದರೆ ಪ್ರಾಕ್ಕಲ್ಪನೆ, ಬೇಕಿಲ್ಲ. ಆದರೂ ಆ ಕಾಲಂ ಖಾಲಿ ಬಿಡಲು ಭಯಪಟ್ಟು ‘ರೋಗಿಗಳಲ್ಲಿ ಗಣನೀಯ ಪ್ರಮಾಣದ ಫ್ಲೆಬೈಟಿಸ್ ಇರುತ್ತದೆ’ ಎಂದು ಬರೆಯುವವರಿದ್ದಾರೆ. ಎಷ್ಟಕ್ಕಿಂತ ಹೆಚ್ಚಾದರೆ ಗಣನೀಯ ಎಂದು ಹೇಳದೆ ಈ ವಾಕ್ಯವನ್ನು ಪರೀಕ್ಷಿಸುವ ದಾರಿಯೇ ಇಲ್ಲ. ಪದೇ ಪದೇ ಚುಚ್ಚಿಸಿಕೊಂಡ ರೋಗಿಗಳಿಗೆ ಹೇಗನಿಸುತ್ತದೆ ಎಂದು ಅವರ ಬಾಯಿಂದಲೇ ಕೇಳುವ ಗುಣಾತ್ಮಕ ಅಧ್ಯಯನಕ್ಕೂ ಪ್ರಶ್ನೆಯೊಂದೇ ಸಾಕು. ಅಲ್ಲಿ ಉತ್ತರವನ್ನು ಮೊದಲೇ ಊಹಿಸಿಟ್ಟರೆ ರೋಗಿಯ ಮಾತು ನಮ್ಮ ಊಹೆಯ ಕಡೆಗೇ ವಾಲಿಬಿಡುತ್ತದೆ.

ಈಗ ಎರಡನೇ ಪ್ರಶ್ನೆ. ಮಣಿಕಟ್ಟು ಅಥವಾ ಮೊಣಕೈ ಮಡಚುವ ಜಾಗದಲ್ಲಿ ಹಾಕಿದ ಕ್ಯಾನುಲಾಗೂ ಇವೆರಡರ ನಡುವಿನ ಭಾಗದಲ್ಲಿ ಹಾಕಿದ್ದಕ್ಕೂ ಫ್ಲೆಬೈಟಿಸ್‌ನಲ್ಲಿ ವ್ಯತ್ಯಾಸ ಇದೆಯೇ? ಕೈ ಮಡಚಿದಾಗಲೆಲ್ಲ ಕ್ಯಾನುಲಾ ನಾಳದ ಒಳಗೋಡೆಗೆ ಉಜ್ಜುತ್ತದೆ ಎಂಬ ಕಾರಣ ಎದುರಿಗಿದೆ, ಹೋಲಿಸಲು ಎರಡು ಗುಂಪುಗಳಿವೆ. ಹೈಪಾಥಿಸಿಸ್ ಬರುವುದು ಇಲ್ಲಿ: ‘ಕೀಲಿನ ಜಾಗದಲ್ಲಿ ಕ್ಯಾನುಲಾ ಇರುವ ರೋಗಿಗಳಲ್ಲಿ ಫ್ಲೆಬೈಟಿಸ್ ಪ್ರಮಾಣ ಉಳಿದವರಿಗಿಂತ ಹೆಚ್ಚಿರುತ್ತದೆ.’ ಯಾರಲ್ಲಿ, ಯಾವುದರ ನಡುವೆ, ಯಾವ ದಿಕ್ಕಿನಲ್ಲಿ ಎಂಬ ಮೂರೂ ಈ ಒಂದು ವಾಕ್ಯದಲ್ಲಿವೆ. ಲೆಕ್ಕದ ಪರೀಕ್ಷೆ ಎದುರಿಸುವುದು ಇದರ ಎದುರುವಾದವನ್ನು, ಅಂದರೆ ‘ಎರಡು ಗುಂಪುಗಳ ನಡುವೆ ವ್ಯತ್ಯಾಸವಿಲ್ಲ’ ಎಂಬ ನಲ್ ಹೈಪಾಥಿಸಿಸನ್ನು. ಹಿಂದಿನ ಅಧ್ಯಯನಗಳು ಒಂದೇ ಕಡೆ ಬೊಟ್ಟು ಮಾಡದಿದ್ದರೆ ‘ಹೆಚ್ಚು’ ಎನ್ನುವ ಬದಲು ‘ವ್ಯತ್ಯಾಸವಿರುತ್ತದೆ’ ಎಂದಷ್ಟೇ ಬರೆಯುವುದು ಪ್ರಾಮಾಣಿಕ. ಅಂಕಿಅಂಶ ನೋಡಿದ ಮೇಲೆ ದಿಕ್ಕು ಬದಲಿಸುವಂತಿಲ್ಲ.

ಆ ವಾಕ್ಯದ ಕ್ರಿಯಾಪದದಲ್ಲೂ ಎಚ್ಚರ ಬೇಕು. ಮೊಣಕೈ ಬಳಿ ಕ್ಯಾನುಲಾ ಬೀಳುವುದು ಎಷ್ಟೋ ಸಲ ಬೇರೆಡೆ ನಾಳ ಸಿಗದ ರೋಗಿಗಳಿಗೆ. ಅವರ ನಾಳಗಳು ಮೊದಲೇ ದುರ್ಬಲವಾಗಿರಬಹುದು. ಕ್ಯಾನುಲಾ ಎಲ್ಲಿ ಹಾಕಬೇಕೆಂದು ವಿದ್ಯಾರ್ಥಿನಿ ನಿರ್ಧರಿಸುತ್ತಿಲ್ಲ, ಬರೀ ನೋಡುತ್ತಿದ್ದಾಳೆ. ಆದ್ದರಿಂದ ‘ಹೆಚ್ಚಿರುತ್ತದೆ’ ಎನ್ನಬಹುದು, ‘ಹೆಚ್ಚಿಸುತ್ತದೆ’ ಎನ್ನಲಾಗದು.

ಇಷ್ಟಾದರೂ ಫ್ಲೆಬೈಟಿಸ್ ಎಂದರೆ ಏನೆಂದು ಇನ್ನೂ ತೀರ್ಮಾನವಾಗಿಲ್ಲ. ಸಿನಾಪ್ಸಿಸ್‌ಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕಾರ್ಯಾತ್ಮಕ ವ್ಯಾಖ್ಯೆ ಎಂಬ ಶೀರ್ಷಿಕೆಯ ಕೆಳಗೆ ‘ಫ್ಲೆಬೈಟಿಸ್ ಎಂದರೆ ರಕ್ತನಾಳದ ಉರಿಯೂತ’ ಎಂದು ಪಠ್ಯಪುಸ್ತಕದ ಸಾಲು ಬರೆದಿರುತ್ತಾರೆ. ಅದು ತಪ್ಪಲ್ಲ, ಆದರೆ ಹಾಸಿಗೆ ಪಕ್ಕ ನಿಂತ ನರ್ಸ್‌ಗೆ ಅದರಿಂದ ಏನೂ ತಿಳಿಯುವುದಿಲ್ಲ. ಭೌತವಿಜ್ಞಾನಿ ಪರ್ಸಿ ಬ್ರಿಡ್ಜ್‌ಮನ್ 1927ರಲ್ಲಿ ಹೇಳಿದ್ದು ಇದನ್ನೇ: ಒಂದು ಪರಿಕಲ್ಪನೆಯ ಅರ್ಥ ಅದನ್ನು ಅಳೆಯುವ ಕ್ರಿಯೆಗಳಲ್ಲಿದೆ.

ಅಳೆಯಲು ಸಿದ್ಧವಾದ ಸಾಧನವೇ ಇದೆ. ಆಂಡ್ರ್ಯೂ ಜಾಕ್ಸನ್ 1998ರಲ್ಲಿ ಪ್ರಕಟಿಸಿದ ವಿಐಪಿ ಸ್ಕೋರ್ ಅದು, 0ಯಿಂದ 5ರವರೆಗೆ. ಜಾಗ ಚೆನ್ನಾಗಿದ್ದರೆ 0. ತುಸು ನೋವು ಅಥವಾ ತುಸು ಕೆಂಪು, ಎರಡರಲ್ಲಿ ಒಂದಿದ್ದರೆ 1. ನೋವು, ಕೆಂಪು, ಊತ ಈ ಮೂರರಲ್ಲಿ ಎರಡಿದ್ದರೆ 2, ಅಂದರೆ ಫ್ಲೆಬೈಟಿಸ್‌ನ ಆರಂಭ, ಕ್ಯಾನುಲಾ ಬದಲಿಸುವ ಹೊತ್ತು. ಅಲ್ಲಿಂದ ಮುಂದೆ ನಾಳದ ಗುಂಟ ನೋವು, ಗಟ್ಟಿಯಾಗುವುದು, ಜ್ವರ ಹೀಗೆ ಏರುತ್ತದೆ. ಎಲ್ಲಿ ಗೆರೆ ಎಳೆಯುತ್ತೇವೆ ಎಂಬುದರ ಮೇಲೆ ಇಡೀ ಫಲಿತಾಂಶ ನಿಂತಿದೆ. ಉದಾಹರಣೆಗೆ 50 ರೋಗಿಗಳಲ್ಲಿ 20 ಜನರ ಸ್ಕೋರ್ 1, 8 ಜನರದ್ದು 2, ಇಬ್ಬರದ್ದು 3, ಉಳಿದವರದ್ದು 0 ಎಂದುಕೊಳ್ಳಿ. 1ರಿಂದ ಎಣಿಸಿದರೆ ಶೇ. 60 ಜನರಿಗೆ ಫ್ಲೆಬೈಟಿಸ್. 2ರಿಂದ ಎಣಿಸಿದರೆ ಶೇ. 20. 3ರಿಂದ ಎಣಿಸಿದರೆ ಶೇ. 4. ವಾರ್ಡು ಅದೇ, ಕೈಗಳೂ ಅವೇ.

ಸ್ಕೋರಿನ ಹೆಸರು ಬರೆದ ಮಾತ್ರಕ್ಕೆ ವ್ಯಾಖ್ಯೆ ಮುಗಿಯುವುದಿಲ್ಲ. ನಮ್ಮಲ್ಲಿ ಬಹುಮಂದಿಯ ಕಂದು, ಕಪ್ಪು ಚರ್ಮದಲ್ಲಿ ಕೆಂಪು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು, ಹಗಲು ಬೆಳಕಿನಲ್ಲಿ ನೋಡಿ, ಬಿಸಿ ಇದೆಯೇ ಎಂದು ಮುಟ್ಟಿ ನೋಡಬೇಕು ಎಂದು ಬರೆದಿಡುವುದು ಒಳ್ಳೆಯದು. ಕ್ಯಾನುಲಾ ಮೇಲೆ ಪಾರದರ್ಶಕ ಡ್ರೆಸಿಂಗ್ ಬದಲು ಬಿಳಿ ಪ್ಲಾಸ್ಟರ್ ಸುತ್ತಿದ್ದರೆ ಒಳಗೇನಾಗಿದೆ ಎಂದೇ ಕಾಣದು. ಆಪರೇಷನ್ ಆದವರಿಗೆ ನೋವುನಿವಾರಕ ಕೊಟ್ಟಿರುತ್ತಾರೆ, ಕೈ ನೋಯುತ್ತಿದ್ದರೂ ಅವರಿಗೆ ಗೊತ್ತಾಗದಿರಬಹುದು. ಆದ್ದರಿಂದ ಕೊನೆಯ ಡೋಸ್ ಕೊಟ್ಟ ಸಮಯವನ್ನೂ ದಾಖಲಿಸಬೇಕು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಬೇಕು: ‘ಇಲ್ಲಿ ಒತ್ತಿದರೆ ನೋವಾಗುತ್ತಾ?’

ಹೀಗೆ ಸಾಣೆ ಹಿಡಿದ ವ್ಯಾಖ್ಯೆ ಕೊನೆಗೆ ಈ ರೂಪಕ್ಕೆ ಬರುತ್ತದೆ: ‘ಈ ಅಧ್ಯಯನದಲ್ಲಿ ಫ್ಲೆಬೈಟಿಸ್ ಎಂದರೆ, ಕ್ಯಾನುಲಾ ಹಾಕಿದಾಗಿನಿಂದ 72 ಗಂಟೆಯವರೆಗೆ 8 ಗಂಟೆಗೊಮ್ಮೆ ತರಬೇತಿ ಪಡೆದ ನರ್ಸ್ ಪರೀಕ್ಷಿಸಿದಾಗ ಒಮ್ಮೆಯಾದರೂ ವಿಐಪಿ ಸ್ಕೋರ್ 2 ಅಥವಾ ಹೆಚ್ಚು ಬರುವುದು.’ ಕೀಲಿನ ಜಾಗಕ್ಕೂ ಇಂಥದ್ದೇ ವ್ಯಾಖ್ಯೆ ಬೇಕು. ಚರ್ಮದ ಮಡಿಕೆಯಿಂದ ಎಷ್ಟು ಸೆಂಟಿಮೀಟರ್ ಒಳಗಿದ್ದರೆ ಕೀಲು ಎಂದು ಆಕೆ ಮೊದಲೇ ತೀರ್ಮಾನಿಸಿ ಟೇಪು ಹಿಡಿದು ಅಳೆಯಬೇಕು. ‘ಅಧ್ಯಯನ’, ‘ನರ್ಸ್’, ‘ಆಸ್ಪತ್ರೆ’ ಇತ್ಯಾದಿ ಪದಗಳಿಗೂ ವ್ಯಾಖ್ಯೆ ಬರೆದು ಪುಟ ತುಂಬಿಸುವ ಅಭ್ಯಾಸದಿಂದ ಓದುವವರಿಗೆ ಏನೂ ಸಿಗುವುದಿಲ್ಲ.

ವ್ಯಾಖ್ಯೆ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಪೈಲಟ್ ಹಂತದಲ್ಲಿ ಇಬ್ಬರು ನರ್ಸ್‌ಗಳು ಒಂದೇ ಕೈಯನ್ನು ನೋಡಿ, ಪರಸ್ಪರ ಮಾತಾಡದೆ ಸ್ಕೋರ್ ಬರೆಯಬೇಕು. 20 ರೋಗಿಗಳಲ್ಲಿ 18 ಕಡೆ ಇಬ್ಬರದ್ದೂ ಒಂದೇ ಬಂದರೆ ಹೊಂದಾಣಿಕೆ ಶೇ. 90. ಆದರೆ ಬಹುಪಾಲು ಕೈಗಳು ಆರೋಗ್ಯವಾಗಿದ್ದರೆ ಇಬ್ಬರೂ ಸುಮ್ಮನೆ 0 ಬರೆದರೂ ಈ ಸಂಖ್ಯೆ ದೊಡ್ಡದಾಗಿಯೇ ಕಾಣುತ್ತದೆ. ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ನೋಡುವ ಕಪ್ಪಾ ಲೆಕ್ಕ ಬೇಕಾಗುವುದು ಅದಕ್ಕೇ. ಭಿನ್ನವಾಗಿ ಬಂದ ಎರಡು ಕೈಗಳ ಬಗ್ಗೆ ಇಬ್ಬರನ್ನೂ ಕೂರಿಸಿ ಕೇಳಿದರೆ ವ್ಯಾಖ್ಯೆಯ ಯಾವ ಪದ ಸಡಿಲವಾಗಿದೆ ಎಂದು ಗೊತ್ತಾಗುತ್ತದೆ.

ಇನ್ನೊಂದು ಇಕ್ಕಟ್ಟನ್ನೂ ಸಿನಾಪ್ಸಿಸ್‌ನಲ್ಲೇ ಬಗೆಹರಿಸಬೇಕು. 20ನೇ ಗಂಟೆಗೆ ರೋಗಿ ಡಿಸ್ಚಾರ್ಜ್ ಆಗಿ ಕ್ಯಾನುಲಾ ತೆಗೆದರೆ ಆತನನ್ನು ‘ಫ್ಲೆಬೈಟಿಸ್ ಆಗದವರು’ ಎಂದು ಎಣಿಸಬೇಕೇ, ಕೈಬಿಡಬೇಕೇ? ಕ್ಯಾನುಲಾ ತೆಗೆದ ಮೇಲೆ 48 ಗಂಟೆಯೊಳಗೂ ಫ್ಲೆಬೈಟಿಸ್ ಕಾಣಿಸಿಕೊಳ್ಳುವುದುಂಟು. ಫೋನ್ ಮಾಡಿ ಕೇಳಿದರೆ ನೋವು, ಊತದ ವಿಷಯ ತಿಳಿಯಬಹುದು, ಕೈ ಮುಟ್ಟಿ ಸ್ಕೋರ್ ಕೊಡಲಾಗದು. ಕ್ಯಾನುಲಾ ಇರುವಷ್ಟು ಹೊತ್ತು ಮಾತ್ರ ಗಮನಿಸಿ, 24 ಗಂಟೆಗಿಂತ ಮೊದಲೇ ತೆಗೆದವರನ್ನು ಪ್ರತ್ಯೇಕವಾಗಿ ವರದಿ ಮಾಡುತ್ತೇನೆ ಎಂದು ಆಕೆ ಬರೆಯಬಹುದು. ಮುಂದೆ ಈ ನಿಯಮ ಬದಲಿಸಬೇಕೆನಿಸಿದರೆ ತಿದ್ದುಪಡಿಗೆ ನೈತಿಕ ಸಮಿತಿಯ ಒಪ್ಪಿಗೆ ಪಡೆದ ನಂತರವೇ ಮುಂದುವರಿಯಬೇಕು.