10.2ರ ಹಿಂದೆ ಏನಿದೆ: ಬಸುರಿಯ ಮೊದಲ ರಕ್ತಪರೀಕ್ಷೆ

ಮೊದಲ ತಪಾಸಣೆಗೆ ಬಂದ ಬಸುರಿಯ ತೋಳಿನಿಂದ ಒಂದೇ ಚುಚ್ಚಿಗೆ ಎರಡು ಮೂರು ಟ್ಯೂಬ್ ರಕ್ತ ತೆಗೆಯುತ್ತಾರೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದಿರುತ್ತದೆ. ಹೀಮೋಗ್ಲೋಬಿನ್, ರಕ್ತಕಣಗಳ ಎಣಿಕೆ, ಥಲಸ್ಸೀಮಿಯಾ ಪರೀಕ್ಷೆ ಎಲ್ಲವೂ ಅದರಲ್ಲೇ. ಹೆಪಟೈಟಿಸ್ ಬಿ, ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗೆ ಸಾಮಾನ್ಯವಾಗಿ ಇನ್ನೊಂದು ಟ್ಯೂಬು. ಆದರೆ ಬಸುರಿಯೂ ಅವಳ ಜೊತೆ ಬಂದ ಅಮ್ಮನೋ ಅತ್ತೆಯೋ ಕೇಳುವುದು ಒಂದೇ ಪ್ರಶ್ನೆ: "ರಕ್ತ ಎಷ್ಟಿದೆ ಸಿಸ್ಟರ್?"

ಉತ್ತರ 10.2 ಎಂದಿಟ್ಟುಕೊಳ್ಳೋಣ. ಬಸುರಿಯಲ್ಲಿ ಹೀಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 10ರಿಂದ 10.9ರವರೆಗೆ ಸೌಮ್ಯ, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗಿಳಿದರೆ ತೀವ್ರ. ಹಾಗಾಗಿ 10.2 ಯಾರನ್ನೂ ಗಾಬರಿಗೊಳಿಸುವ ಅಂಕಿಯಲ್ಲ. ತಾಯಿ ಕಾರ್ಡಿನಲ್ಲಿ ಬರೆದು, ಕಬ್ಬಿಣಾಂಶದ ಮಾತ್ರೆ ಕೊಟ್ಟು, ಸೊಪ್ಪು ಕಾಳು ಚೆನ್ನಾಗಿ ತಿನ್ನಲು ಹೇಳಿ ಕಳಿಸಿಬಿಡುತ್ತಾರೆ. ನಮ್ಮಲ್ಲಿ ಬಸುರಿಯರ ರಕ್ತಹೀನತೆಗೆ ಕಬ್ಬಿಣದ ಕೊರತೆಯೇ ಮುಖ್ಯ ಕಾರಣವಾದ್ದರಿಂದ ಬಹುಪಾಲು ಸಲ ಇದು ಸರಿಯೇ. ಸರಿಯಲ್ಲದ ಸಲ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಒಂಬತ್ತು ವಾರದ ಇಬ್ಬರು ಬಸುರಿಯರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಬ್ಬರದೂ 10.2. ನೇರಳೆ ಟ್ಯೂಬನ್ನು ಕಣ ಎಣಿಸುವ ಯಂತ್ರಕ್ಕೆ ಕೊಟ್ಟರೆ ಸಿಬಿಸಿ ಎಂಬ ವರದಿ ಬರುತ್ತದೆ. ಅದರಲ್ಲಿ ಹೀಮೋಗ್ಲೋಬಿನ್ನಿನ ಕೆಳಗೆ ಯಾರೂ ಓದದ ಎರಡು ಸಾಲುಗಳಿವೆ. ಒಂದು ಕೆಂಪು ಕಣಗಳ ಸಂಖ್ಯೆ, ಇನ್ನೊಂದು ಎಂಸಿವಿ, ಅಂದರೆ ಒಂದೊಂದು ಕಣದ ಸರಾಸರಿ ಗಾತ್ರ. ಗಾತ್ರ ಸಾಮಾನ್ಯವಾಗಿ 80ಕ್ಕಿಂತ ಮೇಲಿರಬೇಕು. ಮೊದಲನೆಯವಳಲ್ಲಿ ಕೆಂಪು ಕಣ 41 ಲಕ್ಷ, ಗಾತ್ರ 78. ಎರಡನೆಯವಳಲ್ಲಿ ಕೆಂಪು ಕಣ 53 ಲಕ್ಷ, ಗಾತ್ರ 63.

ಮೊದಲನೆಯವಳ ಮೂಳೆಮಜ್ಜೆಗೆ ಕಬ್ಬಿಣ ಸಾಲುತ್ತಿಲ್ಲ, ಹಾಗಾಗಿ ಕಣಗಳೂ ಕಡಿಮೆ, ಗಾತ್ರವೂ ತುಸು ಕಡಿಮೆ. ಎರಡನೆಯವಳ ಮೂಳೆಮಜ್ಜೆ ಕೈಕಟ್ಟಿ ಕೂತಿಲ್ಲ. ಬೇಕಾದದ್ದಕ್ಕಿಂತ ಹೆಚ್ಚೇ ಕಣಗಳನ್ನು ಹೊರತರುತ್ತಿದೆ, ಆದರೆ ಒಂದೊಂದೂ ತೀರಾ ಪುಟ್ಟದು. ಹೀಮೋಗ್ಲೋಬಿನ್ ಕಟ್ಟಲು ಬೇಕಾದ ಬೀಟಾ ಎಂಬ ಸರಪಳಿ ಅರೆಬರೆ ತಯಾರಾಗುವುದರಿಂದ ಹೀಗಾಗುತ್ತದೆ. ವೈದ್ಯರು ಇಲ್ಲಿ ಒಂದು ಸುಲಭದ ಲೆಕ್ಕ ಹಾಕುತ್ತಾರೆ: ಗಾತ್ರವನ್ನು ಹತ್ತು ಲಕ್ಷಗಳಲ್ಲಿ ಹೇಳಿದ ಕಣಸಂಖ್ಯೆಯಿಂದ ಭಾಗಿಸುವುದು. ಮೊದಲನೆಯವಳಿಗೆ 78 ಭಾಗಿಸು 4.1, ಸುಮಾರು 19. ಎರಡನೆಯವಳಿಗೆ 63 ಭಾಗಿಸು 5.3, ಸುಮಾರು 12. ಉತ್ತರ 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ವಾಹಕಳಿರಬಹುದೇ ಎಂದು ಯೋಚಿಸಬೇಕು. ಇದು ಗುಮಾನಿ ಹುಟ್ಟಿಸುವ ಲೆಕ್ಕ ಮಾತ್ರ, ಇದನ್ನು ನಂಬಿ ಯಾರನ್ನೂ ವಾಹಕಳೆಂದೂ ಅಲ್ಲವೆಂದೂ ತೀರ್ಮಾನಿಸುವಂತಿಲ್ಲ.

ಕಣ ಎಣಿಸುವ ಯಂತ್ರ ಇಲ್ಲದ ಕಡೆಗೂ ಒಂದು ಉಪಾಯವಿದೆ. ನೆಸ್ಟ್ರಾಫ್ಟ್ ಎಂದು ಕರೆಯುವ ಈ ಪರೀಕ್ಷೆಗೆ ಬೇಕಾದ್ದು ಎರಡು ಗಾಜಿನ ಟ್ಯೂಬು, ಕಪ್ಪು ಗೆರೆ ಎಳೆದ ಬಿಳಿ ಹಾಳೆ, ಮತ್ತು ಶೇ. 0.36ರ ತೆಳು ಉಪ್ಪುದ್ರಾವಣ. ಒಂದು ಟ್ಯೂಬಿಗೆ ದ್ರಾವಣ, ಇನ್ನೊಂದಕ್ಕೆ ಬಟ್ಟಿ ಇಳಿಸಿದ ನೀರು ಹಾಕಿ, ಎರಡಕ್ಕೂ ಒಂದೊಂದು ಹನಿ ರಕ್ತ ಬೆರೆಸಿ ಅರ್ಧ ಗಂಟೆ ಬಿಡುತ್ತಾರೆ. ಆಮೇಲೆ ಟ್ಯೂಬಿನ ಹಿಂದೆ ಹಾಳೆ ಹಿಡಿದು ನೋಡುತ್ತಾರೆ. ಸಾಮಾನ್ಯ ಕೆಂಪು ಕಣಗಳು ಅಂಥ ತೆಳು ದ್ರಾವಣದಲ್ಲಿ ನೀರು ಹೀರಿ ಒಡೆದುಹೋಗುತ್ತವೆ, ದ್ರವ ತಿಳಿಯಾಗಿ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ವಾಹಕರ ಚಪ್ಪಟೆ ಕಣಗಳು ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ದ್ರವ ಮಬ್ಬಾಗಿಯೇ ಉಳಿದು ಗೆರೆ ಮಸುಕಾಗುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಕಬ್ಬಿಣದ ಕೊರತೆ ಜಾಸ್ತಿಯಿದ್ದವರಲ್ಲೂ ಕೆಲವೊಮ್ಮೆ ಹೀಗೇ ಆಗುವುದರಿಂದ, ಗೆರೆ ಮಸುಕಾದವರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕು, ಅಷ್ಟೇ.

ಆ ಮುಂದಿನ ಪರೀಕ್ಷೆ ಎಚ್‌ಪಿಎಲ್‌ಸಿ. ರಕ್ತದಲ್ಲಿರುವ ಬೇರೆಬೇರೆ ಬಗೆಯ ಹೀಮೋಗ್ಲೋಬಿನ್‌ಗಳನ್ನು ವಿಂಗಡಿಸಿ ಯಾವುದು ಶೇಕಡಾ ಎಷ್ಟಿದೆ ಎಂದು ಅದು ತೋರಿಸುತ್ತದೆ. ನೋಡಬೇಕಾದ್ದು ಎ2 ಎಂಬ ಬಗೆಯನ್ನು. ಅದು ಸಾಮಾನ್ಯವಾಗಿ ಶೇ. 3.5ರ ಒಳಗಿರುತ್ತದೆ. ನಮ್ಮ ಎರಡನೆಯ ಬಸುರಿಯಲ್ಲಿ ಶೇ. 5.2 ಬಂದರೆ ಅವಳು ಬೀಟಾ ಥಲಸ್ಸೀಮಿಯಾ ವಾಹಕಳು. ಆದರೆ ವರದಿ ಯಾವಾಗಲೂ ಇಷ್ಟು ಸಲೀಸಾಗಿ ಬರುವುದಿಲ್ಲ. ವಾಹಕಳಿಗೆ ಕಬ್ಬಿಣದ ಕೊರತೆಯೂ ಇದ್ದರೆ ಎ2 ಇಳಿದು 3.4, 3.6ರ ಆಸುಪಾಸಿನಲ್ಲಿ ನಿಲ್ಲಬಹುದು. ಬಸುರಿಯಲ್ಲದ ಹೆಂಗಸಾದರೆ ಎರಡು ಮೂರು ತಿಂಗಳು ಕಬ್ಬಿಣ ಕೊಟ್ಟು ಮತ್ತೆ ಪರೀಕ್ಷಿಸಬಹುದು. ಬಸುರಿಗೆ ಅಷ್ಟು ಸಮಯವಿಲ್ಲ. ಅಂಥ ವರದಿ ಬಂದಾಗ ಕಾಯುತ್ತ ಕೂರದೆ ಗಂಡನ ರಕ್ತ ತೆಗೆಯುವುದೇ ಜಾಣತನ. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಮಾತ್ರ ಮೊದಲೇ ಹೇಳಬೇಕು. ಕೊಟ್ಟವರ ರಕ್ತ ಬೆರೆತು ಲೆಕ್ಕವೆಲ್ಲ ಏರುಪೇರಾಗಿರುತ್ತದೆ.

ವಾಹಕಳಾಗಿರುವುದು ಕಾಯಿಲೆಯಲ್ಲ. ಅವಳು ಓಡಾಡಿಕೊಂಡು, ಹೊಲಮನೆ ಕೆಲಸ ಮಾಡಿಕೊಂಡು ನೂರು ವರ್ಷ ಬಾಳಬಹುದು. ತೊಡಕು ಬರುವುದು ಗಂಡನೂ ವಾಹಕನಾದಾಗ. ಆಗ ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸ್ಸೀಮಿಯಾ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. "ಮೊದಲನೆಯದು ಚೆನ್ನಾಗೇ ಇದೆಯಲ್ಲ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು, ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರು. ಕಾಯಿಲೆಯ ಮಗು ಹುಟ್ಟುವಾಗ ಆರೋಗ್ಯವಾಗಿಯೇ ಕಾಣುತ್ತದೆ, ಆರು ತಿಂಗಳ ಆಸುಪಾಸಿನಿಂದ ಬಿಳಿಚಿಕೊಳ್ಳತೊಡಗುತ್ತದೆ. ಆಮೇಲೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು, ಆ ರಕ್ತದಿಂದ ಮೈಯಲ್ಲಿ ತುಂಬಿಕೊಳ್ಳುವ ಕಬ್ಬಿಣವನ್ನು ಹೊರಹಾಕಲು ಜೀವಮಾನವಿಡೀ ಔಷಧಿ ಬೇಕು.

ನಮ್ಮ ಕಡೆ ಒಂದು ವಿಷಯವನ್ನು ವಿಶೇಷವಾಗಿ ಕೇಳಬೇಕು: ಮದುವೆ ಸಂಬಂಧದಲ್ಲೇ ಆಗಿದೆಯೇ? ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನ ಬೀಟಾ ಥಲಸ್ಸೀಮಿಯಾ ವಾಹಕರು ಎಂಬ ಅಂದಾಜಿದೆ. ಹೊರಗಿನಿಂದ ಬಂದ ಗಂಡನೂ ವಾಹಕನಾಗಿರುವ ಸಾಧ್ಯತೆ ಅಷ್ಟೇ. ಆದರೆ ಗಂಡ ಸೋದರಮಾವನೇ ಆಗಿದ್ದು, ಅವಳಿಗೆ ಈ ಗುಣ ತಾಯಿಯಿಂದ ಬಂದಿದ್ದರೆ, ತಾಯಿಯ ಒಡಹುಟ್ಟಿದವನಾದ ಅವನಲ್ಲೂ ಅದಿರುವ ಸಾಧ್ಯತೆ ಅರ್ಧಕ್ಕರ್ಧ. ಗಂಡನಿಗೆ ಸಿಬಿಸಿ ಮಾತ್ರ ಮಾಡಿಸಿ ಸುಮ್ಮನಾಗುವುದೂ ತಪ್ಪು. ಕುಡಗೋಲುಕಣ ರೋಗದ ವಾಹಕರಲ್ಲಿ ಸಿಬಿಸಿ ಸಾಮಾನ್ಯವಾಗಿಯೇ ಇರಬಹುದು, ಚಾಮರಾಜನಗರ, ಮೈಸೂರು ಕಡೆಯ ಕೆಲ ಬುಡಕಟ್ಟುಗಳಲ್ಲಿ ಆ ಗುಣ ಕಂಡುಬಂದಿದೆ. ಒಬ್ಬರು ಅದರ ವಾಹಕರಾಗಿ ಇನ್ನೊಬ್ಬರು ಥಲಸ್ಸೀಮಿಯಾ ವಾಹಕರಾದರೂ ಮಗುವಿಗೆ ಕಾಯಿಲೆ ಬರಬಹುದು. ಆದ್ದರಿಂದ ಗಂಡನಿಗೂ ಎಚ್‌ಪಿಎಲ್‌ಸಿಯೇ ಆಗಲಿ.

ಇಬ್ಬರೂ ವಾಹಕರೆಂದಾದರೆ ಮುಂದಿನದು ವಾರಗಳ ಲೆಕ್ಕ. ಒಂಬತ್ತನೆಯ ವಾರ ರಕ್ತ ಕೊಟ್ಟವಳ ವರದಿ, ಗಂಡನ ವರದಿ, ಇಬ್ಬರ ಜೀನ್ ಪರೀಕ್ಷೆ ಎಲ್ಲ ಮುಗಿಯುವಾಗ ಹನ್ನೊಂದು ಹನ್ನೆರಡು ವಾರ. ಹನ್ನೊಂದರಿಂದ ಹದಿಮೂರನೆಯ ವಾರದೊಳಗೆ ಮಾಸು ಬೆಳೆಯುವ ಜಾಗದಿಂದ ಚೂರು ಅಂಶ ತೆಗೆದು ಮಗುವಿಗೆ ಕಾಯಿಲೆಯಿದೆಯೇ ಎಂದು ನೋಡಬಹುದು. ಅದು ತಪ್ಪಿದರೆ ಹದಿನೈದು ಹದಿನಾರನೆಯ ವಾರದಿಂದ ಗರ್ಭಜಲ ತೆಗೆದು ನೋಡುವ ದಾರಿಯಿದೆ. ಮುಂದೇನು ಮಾಡಬೇಕೆಂಬುದು ಆ ದಂಪತಿಗೆ ಬಿಟ್ಟದ್ದು, ಕಾನೂನು ಗರ್ಭಪಾತಕ್ಕೆ ಹಾಕಿರುವ ಗಡುವುಗಳೂ ವಾರಗಳಲ್ಲೇ ಇವೆ. ಐದನೆಯ ತಿಂಗಳಲ್ಲಿ ಮೊದಲ ತಪಾಸಣೆಗೆ ಬಂದವಳಿಗೆ ಇದೇ ಪರೀಕ್ಷೆ ಮಾಡಿದರೂ ಯೋಚಿಸಲು ಉಳಿಯುವುದು ಕೆಲವೇ ದಿನ.

ಹಾಗಾದರೆ ವಾಹಕಳಿಗೆ ಕಬ್ಬಿಣದ ಮಾತ್ರೆ ಬೇಡವೇ? ಫೆರಿಟಿನ್ ಎಂಬ ಪರೀಕ್ಷೆ ಮೈಯಲ್ಲಿರುವ ಕಬ್ಬಿಣದ ದಾಸ್ತಾನು ಹೇಳುತ್ತದೆ. ಅದು ಕಡಿಮೆಯಿದ್ದರೆ ಅವಳಿಗೂ ಮಾತ್ರೆ ಬೇಕೇ ಬೇಕು. ದಾಸ್ತಾನು ತುಂಬಿದ್ದರೂ ಹೀಮೋಗ್ಲೋಬಿನ್ ಏರಲಿಲ್ಲವೆಂದು ಮಾತ್ರೆ ದುಪ್ಪಟ್ಟು ಮಾಡುವುದು, ಕಬ್ಬಿಣದ ಇಂಜೆಕ್ಷನ್ ಏರಿಸುವುದು ಮಾತ್ರ ನಿಷ್ಪ್ರಯೋಜಕ. ತಿಂಗಳುಗಟ್ಟಲೆ ತಪ್ಪದೆ ಮಾತ್ರೆ ನುಂಗಿದವಳನ್ನು "ಸರಿಯಾಗಿ ತಗೊಂಡಿಲ್ಲ ಅನ್ನಿಸುತ್ತೆ" ಎಂದು ಗದರುವ ಮುನ್ನ ಸಿಬಿಸಿಯ ಆ ಎರಡು ಸಾಲು ಓದುವುದು ಮೇಲು.

ಹೆಪಟೈಟಿಸ್ ಬಿ ಪರೀಕ್ಷೆ ಇದಕ್ಕಿಂತ ಸರಳ. ಆದರೆ ಅದರ ಫಲ ಕೈಗೆ ಸಿಗುವುದು ಏಳು ತಿಂಗಳ ನಂತರ, ಹೆರಿಗೆ ಕೋಣೆಯಲ್ಲಿ. ತಾಯಿಯ ಸೋಂಕು ಬಹುತೇಕ ಹೆರಿಗೆಯ ಹೊತ್ತಿನಲ್ಲೇ ಮಗುವಿಗೆ ದಾಟುತ್ತದೆ, ಮತ್ತು ಹಾಗೆ ದಾಟಿದ ಹತ್ತರಲ್ಲಿ ಒಂಬತ್ತು ಶಿಶುಗಳಲ್ಲಿ ಜೀವನಪೂರ್ತಿ ಉಳಿದುಬಿಡುತ್ತದೆ. ತಡೆಯಲು ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬೀಳಬೇಕು. ತಾಯಿಗೆ ಸೋಂಕಿದ್ದರೆ ಲಸಿಕೆಯ ಜೊತೆಗೆ ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬುಲಿನ್ ಎಂಬ ಇಂಜೆಕ್ಷನ್ನೂ ಬೇಕು, ಸಾಧ್ಯವಾದರೆ 12 ಗಂಟೆಯೊಳಗೆ. ಲಸಿಕೆ ಎಲ್ಲ ಕಡೆ ಸಿಗುತ್ತದೆ, ಈ ಇಂಜೆಕ್ಷನ್ ಎಲ್ಲ ಕಡೆ ಇರುವುದಿಲ್ಲ. ಹಾಗಾಗಿ ಪಾಸಿಟಿವ್ ಬಂದವಳ ಹೆರಿಗೆ ಎಲ್ಲಿ, ಇಂಜೆಕ್ಷನ್ ಅಲ್ಲಿದೆಯೇ ಎಂದು ಎಂಟನೆಯ ತಿಂಗಳಿಗೆ ಮುಂಚೆಯೇ ವಿಚಾರಿಸಿಟ್ಟುಕೊಳ್ಳಬೇಕು. ರಕ್ತದಲ್ಲಿ ವೈರಸ್ ಪ್ರಮಾಣ ತೀರಾ ಹೆಚ್ಚಿದ್ದರೆ 28ನೆಯ ವಾರದಿಂದ ಟೆನೊಫೊವಿರ್ ಮಾತ್ರೆಯನ್ನೂ ಶುರುಮಾಡುತ್ತಾರೆ. ಎಡವಟ್ಟಾಗುವುದು ಹೆಚ್ಚಾಗಿ ಬೇರೆ ಕಡೆ: ತಪಾಸಣೆ ಗಂಡನ ಊರಲ್ಲಿ, ಹೆರಿಗೆ ತವರಿನಲ್ಲಿ, ವರದಿ ಮೊದಲ ಊರಿನ ಬೀರುವಿನಲ್ಲಿ. ನಡುರಾತ್ರಿ ಹೆರಿಗೆ ಮಾಡಿಸಿದವರಿಗೆ ವಿಷಯವೇ ಗೊತ್ತಿರುವುದಿಲ್ಲ.

ಎಚ್‌ಐವಿ ವಿಚಾರದಲ್ಲಿ ಮೊದಲು ತಿಳಿಯಬೇಕಾದ್ದು, ಮೊದಲ ಕಿಟ್‌ನಲ್ಲಿ ಗೆರೆ ಮೂಡಿದ ಮಾತ್ರಕ್ಕೆ ಸೋಂಕಿದೆ ಎಂದಲ್ಲ. ಹತ್ತು ಸಾವಿರ ಬಸುರಿಯರಲ್ಲಿ 20 ಜನಕ್ಕೆ ಸೋಂಕಿದೆ, ಕಿಟ್ ಸಾವಿರಕ್ಕೆ ಐದು ಸಲ ಸುಳ್ಳು ಗೆರೆ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಆಗ 20 ನಿಜದ ಗೆರೆಗಳ ಜೊತೆ ಸುಮಾರು 50 ಸುಳ್ಳು ಗೆರೆಗಳೂ ಇರುತ್ತವೆ. ಅದಕ್ಕೇ ಅಂಥವರನ್ನು ಐಸಿಟಿಸಿ ಕೇಂದ್ರಕ್ಕೆ ಕಳಿಸಿ, ಬೇರೆಬೇರೆ ಬಗೆಯ ಒಟ್ಟು ಮೂರು ಪರೀಕ್ಷೆಗಳೂ ಒಂದೇ ಮಾತು ಹೇಳಿದ ಮೇಲಷ್ಟೇ ಪಾಸಿಟಿವ್ ಎನ್ನುತ್ತಾರೆ. ಮೊದಲ ಗೆರೆ ನೋಡಿ ಕಾರಿಡಾರಿನಲ್ಲಿ ಅತ್ತೆಗೆ ಸುದ್ದಿ ಮುಟ್ಟಿಸುವವರು ಅವಳ ಬಾಳು ಕೆಡಿಸುತ್ತಾರೆ, ಜೊತೆಗೆ ಕಾನೂನನ್ನೂ ಮುರಿಯುತ್ತಾರೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಪರೀಕ್ಷೆಗೆ ಅವಳ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು.

ಸೋಂಕು ಖಚಿತವಾದರೆ ಚಿಕಿತ್ಸೆ ತಡಮಾಡದೆ ಶುರುವಾಗುತ್ತದೆ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ನೂರಕ್ಕೆ 15ರಿಂದ 45 ಮಕ್ಕಳಿಗೆ ದಾಟಬಹುದಾದ ಸೋಂಕು, ತಾಯಿ ಮಾತ್ರೆ ತಪ್ಪದೆ ತೆಗೆದುಕೊಂಡು ಮಗುವಿಗೂ ಔಷಧಿ ಕೊಟ್ಟರೆ ಐದಕ್ಕಿಂತ ಕೆಳಗಿಳಿಯುತ್ತದೆ. ಹುಟ್ಟಿದ ಮೇಲೆ ಮಗುವಿಗೆ ತಾಯಿಗೆ ಬಳಸಿದ ಕಿಟ್‌ನಲ್ಲೇ ಪರೀಕ್ಷೆ ಮಾಡಿದರೆ ಮೋಸಹೋಗುತ್ತೇವೆ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಒಂದೂವರೆ ವರ್ಷದವರೆಗೂ ಇರಬಹುದಾದ್ದರಿಂದ ಸೋಂಕಿಲ್ಲದ ಮಗುವಿನಲ್ಲೂ ಗೆರೆ ಮೂಡುತ್ತದೆ. ಅದಕ್ಕಾಗಿ ಆರನೆಯ ವಾರದಲ್ಲಿ ಹಿಮ್ಮಡಿ ಚುಚ್ಚಿ, ವಿಶೇಷ ಕಾಗದದ ಮೇಲೆ ಕೆಲವು ಹನಿ ರಕ್ತ ಒಣಗಿಸಿ, ವೈರಸ್ಸನ್ನೇ ಹುಡುಕುವ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಆ ವರದಿ ನೆಗೆಟಿವ್ ಬಂದರೂ ಎದೆಹಾಲು ಕುಡಿಯುವಷ್ಟು ಕಾಲ ಮಗುವಿನ ಪರೀಕ್ಷೆ ಮುಗಿದಂತಲ್ಲ. ಹದಿನೆಂಟನೆಯ ತಿಂಗಳಲ್ಲಿ, ಹಾಲು ಬಿಡಿಸಿದ ಮೇಲೆ ಮಾಡುವ ಪರೀಕ್ಷೆಯೇ ಕೊನೆಯದು.