ವರ್ಡ್ ಕಡತವೋ, ಗೂಗಲ್ ಡಾಕ್ಸೋ?

ಪ್ರಶ್ನೆ: .docx ಕಡತವನ್ನು ಗೂಗಲ್ ಡಾಕ್ಸ್ ಆಗಿ ಬದಲಿಸಿದರೆ ಡ್ರೈವ್‌ನಲ್ಲಿ ಜಾಗ ಉಳಿಯುತ್ತದೆಯೇ?

ಉತ್ತರ: ಅದು ಹಳೆಯ ಕಾಲದ ಮಾತು. 2021ರ ಜೂನ್ 1ರಿಂದ ಈಚೆಗೆ ರಚಿಸಿದ ಅಥವಾ ತಿದ್ದಿದ ಡಾಕ್ಸ್ ಕೂಡ ಉಚಿತ 15 ಜಿಬಿಯ ಲೆಕ್ಕಕ್ಕೆ ಸೇರುತ್ತದೆ. ಮೇಲಾಗಿ Save as Google Docs ಒತ್ತಿದಾಗ ಮೂಲ ಕಡತ ಹಾಗೇ ಉಳಿದು ಇನ್ನೊಂದು ಪ್ರತಿ ಹುಟ್ಟುತ್ತದೆ. ಮೂಲವನ್ನು ಅಳಿಸಿ ಟ್ರ್ಯಾಶ್ ಖಾಲಿ ಮಾಡುವವರೆಗೆ ಎರಡೂ ಜಾಗ ತಿನ್ನುತ್ತವೆ. ಜಾಗ ಉಳಿಯದಿದ್ದರೂ ಡಾಕ್ಸ್ ಇಂಟರ್ನೆಟ್ ಇಲ್ಲದಾಗಲೂ ತೆರೆಯುತ್ತದಲ್ಲ ಎನ್ನಬಹುದು. ನಿಜ, ಆದರೆ ಕ್ರೋಮ್‌ನಂಥ ಬ್ರೌಸರಿನಲ್ಲಿ ಆಫ್‌ಲೈನ್ ಸೌಲಭ್ಯವನ್ನು ಮೊದಲೇ ಆನ್ ಮಾಡಿಟ್ಟಿರಬೇಕು. ಕಂಪ್ಯೂಟರಿನ ಡ್ರೈವ್ ಫೋಲ್ಡರಿನಲ್ಲಿ ಕಾಣುವ .gdoc ಬರೀ ಕೊಂಡಿ. ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಬರಹ ಜೊತೆಗೆ ಬರುವುದಿಲ್ಲ. .docx ಇಳಿಸಿಕೊಂಡಿದ್ದರೆ ಲಿಬ್ರೆ ಆಫೀಸಿನಲ್ಲೂ ತೆರೆಯುತ್ತದೆ. ನೆಟ್‌ವರ್ಕ್ ನಂಬುವಂತಿಲ್ಲದ ಕಡೆ ಇರುವವರು ಮೂಲವನ್ನು ಅಳಿಸಬೇಡಿ.