ಲಕ್ಕುಂಡಿಯ ಗುಡಿಗಳು ಮತ್ತು ನೂರು ಮೀಟರಿನ ಗೆರೆ

ಗದಗ ತಾಲೂಕಿನ ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿಗಳಿದ್ದವೆಂಬುದು ಜನಪದರ ಎಣಿಕೆ. ಸ್ಮಾರಕ ಸಂರಕ್ಷಣೆಯ ಕಾನೂನು ಈ ಎಣಿಕೆಯನ್ನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ರಾಜ್ಯಪತ್ರದಲ್ಲಿ ಪ್ರಕಟವಾದ ಅಧಿಸೂಚನೆಯಲ್ಲಿ ಹೆಸರಿರುವ ಕಟ್ಟಡ ಮಾತ್ರ ಅದರ ಕಣ್ಣಿಗೆ ಸ್ಮಾರಕ. ಕಾಶಿವಿಶ್ವೇಶ್ವರ, ಅದರೆದುರಿನ ನನ್ನೇಶ್ವರ, ಜೈನ ಬಸದಿ ಇವು ಕೇಂದ್ರ ಸರ್ಕಾರದ ರಕ್ಷಣೆಗೆ ಒಳಪಟ್ಟು ಭಾರತೀಯ ಪುರಾತತ್ವ ಸರ್ವೇಕ್ಷಣದ ಧಾರವಾಡ ವೃತ್ತದ ಉಸ್ತುವಾರಿಯಲ್ಲಿವೆ. ಊರ ಎಣಿಕೆಗೂ ಅಧಿಸೂಚನೆಯ ಎಣಿಕೆಗೂ ನಡುವೆ ಉಳಿಯುವ ಅಂತರದಲ್ಲಿಯೇ ಮನೆ ಕಟ್ಟುವವನ ಹಾಗೂ ಸಂಶೋಧಕನ ತೊಡಕುಗಳು ಹುಟ್ಟುತ್ತವೆ.

ಸ್ಮಾರಕವೊಂದು ಪಟ್ಟಿಗೆ ಸೇರುವ ಕ್ರಮವನ್ನು 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ನಿವೇಶನಗಳು ಹಾಗೂ ಅವಶೇಷಗಳ ಅಧಿನಿಯಮದ 4ನೆಯ ಪ್ರಕರಣ ಹೇಳುತ್ತದೆ. ಕೇಂದ್ರ ಸರ್ಕಾರವು ಕಟ್ಟಡವನ್ನು ರಾಷ್ಟ್ರೀಯ ಮಹತ್ವದ್ದೆಂದು ಸಾರುವ ತನ್ನ ಉದ್ದೇಶವನ್ನು ಮೊದಲು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ಅದರ ಪ್ರತಿಯನ್ನು ಸ್ಮಾರಕದ ಬಳಿ ಎದ್ದು ಕಾಣುವಂತೆ ಅಂಟಿಸಬೇಕು. ಹಿತಾಸಕ್ತಿಯುಳ್ಳ ಯಾರೇ ಆಗಲಿ ಎರಡು ತಿಂಗಳೊಳಗೆ ಆಕ್ಷೇಪ ಸಲ್ಲಿಸಬಹುದು. ಆಕ್ಷೇಪಗಳನ್ನು ಪರಿಶೀಲಿಸಿದ ಬಳಿಕವೇ ಅಂತಿಮ ಘೋಷಣೆ. ಈ ನೋಟೀಸು ಗುಡಿಯ ಪೂಜಾರಿಗೆ ಅಥವಾ ಜಮೀನಿನ ಒಡೆಯನಿಗೆ ಮಾತ್ರ ಸಂಬಂಧಿಸಿದ್ದೆಂದು ನೆರೆಯವರು ಭಾವಿಸುವುದು ಸಹಜ. ಆದರೆ ಘೋಷಣೆಯಾದೊಡನೆ ನಿರ್ಬಂಧ ಬೀಳುವುದು ಅವರ ಮನೆಗಳ ಮೇಲೆಯೇ. ಹೀಗಾಗಿ ಈ ಎರಡು ತಿಂಗಳ ಅವಧಿ ಅವರದೂ ಹೌದು.

ಹಳೆಯ ಸ್ಮಾರಕಗಳ ವಿಷಯ ಬೇರೆ. 1904ರ ಕಾಯಿದೆಯಡಿ ರಕ್ಷಿತವಾಗಿ, 1951ರ ಕಾಯಿದೆಯಿಂದ ರಾಷ್ಟ್ರೀಯ ಮಹತ್ವ ಪಡೆದವು 1958ರ ಅಧಿನಿಯಮದಲ್ಲಿಯೂ ಹಾಗೆಯೇ ಮುಂದುವರಿದವು. ಗದಗ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಆದ್ದರಿಂದ ಇಲ್ಲಿಯ ಹಳೆಯ ಅಧಿಸೂಚನೆಗಳನ್ನು ಹುಡುಕುವವರು ಧಾರವಾಡ ಜಿಲ್ಲೆಯ ಶೀರ್ಷಿಕೆಯಡಿ, ಸ್ವಾತಂತ್ರ್ಯಪೂರ್ವದ್ದಾದರೆ ಮುಂಬಯಿ ಸರ್ಕಾರದ ಕಾಗದಪತ್ರಗಳಲ್ಲಿ ನೋಡಬೇಕಾಗುತ್ತದೆ. ಸಾಂಗ್ಲಿ ಸಂಸ್ಥಾನದಲ್ಲಿದ್ದ ಶಿರಹಟ್ಟಿ, ಮಿರಜ್ ಸಂಸ್ಥಾನಕ್ಕೆ ಸೇರಿದ್ದ ಲಕ್ಷ್ಮೇಶ್ವರಗಳ ದಾಖಲೆಗಳ ದಾರಿಯೇ ಬೇರೆ.

ಈ ಹುಡುಕಾಟ ಬರಿಯ ಇತಿಹಾಸದ ಕುತೂಹಲವಲ್ಲ. ಅಧಿಸೂಚನೆಯ ಅನುಸೂಚಿಯಲ್ಲಿ ಸ್ಮಾರಕದ ಹೆಸರಿನೊಡನೆ ರಕ್ಷಿತ ಜಾಗದ ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿಗಳು ಇರುತ್ತವೆ. ಅಳತೆ ಆರಂಭವಾಗುವುದು ಅಲ್ಲಿಂದಲೇ. ನೂರು ಮೀಟರನ್ನು ಗರ್ಭಗುಡಿಯಿಂದಾಗಲಿ ಗುಡಿಯ ಹೊರಗೋಡೆಯಿಂದಾಗಲಿ ಅಳೆಯಬೇಕೆಂಬುದು ವ್ಯಾಪಕವಾದ ತಪ್ಪು ತಿಳಿವಳಿಕೆ. ಅನುಸೂಚಿಯಲ್ಲಿ ಗುಡಿಯ ಸುತ್ತಲಿನ ಬಯಲೂ ಸೇರಿದ್ದರೆ ಆ ಬಯಲಿನ ಅಂಚಿನಿಂದ ಅಳೆಯಬೇಕು. ಅಂಚಿನಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ; ಅದರಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಇವು ಕನಿಷ್ಠ ಮಿತಿಗಳು, ಸ್ಮಾರಕದ ಮಹತ್ವ ನೋಡಿ ಹೆಚ್ಚಿಸಲು ಅವಕಾಶವಿದೆ.

ಇದರ ಹರವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ರಕ್ಷಿತ ಜಾಗವು 30 ಮೀಟರ್ ಬದಿಯ ಚಿಕ್ಕ ಚೌಕವೆಂದು ಭಾವಿಸೋಣ. ಅದರ ಸ್ವಂತ ವಿಸ್ತೀರ್ಣ ಒಂಬತ್ತು ಗುಂಟೆಯೂ ತುಂಬದು. ಸುತ್ತಲಿನ ನಿಷೇಧಿತ ಪ್ರದೇಶ ಸುಮಾರು ಹನ್ನೊಂದು ಎಕರೆ. ನಿಯಂತ್ರಿತ ಪ್ರದೇಶ ಸುಮಾರು 68 ಎಕರೆ. ಬಯಲಿನಲ್ಲಿ ಒಂಟಿಯಾಗಿ ನಿಂತ ಗುಡಿಗೆ ಇದು ಹೊರೆಯಲ್ಲ. ಲಕ್ಕುಂಡಿಯಂತಹ ಊರಿನಲ್ಲಿ, ಎದುರುಬದುರಾಗಿ ನಿಂತ ಎರಡು ಗುಡಿಗಳ ವಲಯಗಳು ಒಂದರ ಮೇಲೊಂದು ಹಾಯುವಾಗ, ಅವುಗಳ ಒಳಗೆ ಸಿಗುವುದು ಓಣಿಗಳು, ಕಣಗಳು, ಮನೆಗಳು. ಒಂದು ಗುಡಿಯಿಂದ 150 ಮೀಟರ್ ದೂರದ ಮನೆ ಇನ್ನೊಂದರಿಂದ 80 ಮೀಟರ್ ಇದ್ದರೆ ಕಠಿಣವಾದ ನಿಯಮವೇ ಅದಕ್ಕೆ ಅನ್ವಯಿಸುತ್ತದೆ.

ಈ ಅಂತರಗಳು ಮೊದಲು ಬಂದದ್ದು 1992ರ ಜೂನ್ 16ರ ಅಧಿಸೂಚನೆಯಿಂದ. ಅನಂತರದ ವರ್ಷಗಳಲ್ಲಿ ತಜ್ಞರ ಸಮಿತಿಯೊಂದರ ಸಲಹೆಯ ಮೇರೆಗೆ ನಿಷೇಧಿತ ಪ್ರದೇಶದಲ್ಲಿಯೂ ಅನುಮತಿ ಕೊಡುವ ರೂಢಿ ಬೆಳೆಯಿತು. 2009ರ ಅಕ್ಟೋಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಇದಕ್ಕೆ ಕಾನೂನಿನ ಆಧಾರವಿಲ್ಲವೆಂದಿತು. 2010ರ ತಿದ್ದುಪಡಿ ಹುಟ್ಟಿದ್ದು ಈ ತೀರ್ಪಿನ ಬೆನ್ನಿಗೆ. ಹಿಂದೆ ಕೊಟ್ಟ ಅನುಮತಿಗಳನ್ನು ಅದು ಷರತ್ತುಗಳೊಡನೆ ಊರ್ಜಿತಗೊಳಿಸಿತಾದರೂ ಮುಂದಕ್ಕೆ ಬಾಗಿಲನ್ನು ಭದ್ರವಾಗಿ ಮುಚ್ಚಿತು. ಸಾರ್ವಜನಿಕ ಕಾಮಗಾರಿಯೆಂಬ ಕಾರಣಕ್ಕೂ ಇಂದು ನಿಷೇಧಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೆ ಅನುಮತಿಯಿಲ್ಲ. ಚರಂಡಿ, ಸಾರ್ವಜನಿಕ ಶೌಚಾಲಯ, ನೀರು ಹಾಗೂ ವಿದ್ಯುತ್ ಪೂರೈಕೆಯ ಕೆಲಸಗಳನ್ನು ಮಾತ್ರ ‘ನಿರ್ಮಾಣ’ದ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ಉಲ್ಲಂಘನೆಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು.

ನಿಷೇಧಿತ ಪ್ರದೇಶದಲ್ಲಿ ಮಣ್ಣಿನ ಮಾಳಿಗೆ ಮನೆಯೊಂದಿದೆ ಎಂದು ಭಾವಿಸಿದರೆ ಕಾನೂನಿನ ಪದಗಳ ತೂಕ ತಿಳಿಯುತ್ತದೆ. ಮನೆ 1992ರ ಜೂನ್ 16ಕ್ಕೆ ಮೊದಲಿನದಾಗಿದ್ದರೆ ಒಡೆಯನು ‘ದುರಸ್ತಿ ಮತ್ತು ನವೀಕರಣ’ಕ್ಕೆ ಅರ್ಜಿ ಹಾಕಬಹುದು. ಮುಕ್ಕಾದ ಜಂತಿಗಳನ್ನು ಬದಲಿಸುವುದು, ಗೋಡೆಗೆ ಗಿಲಾವು ಮಾಡುವುದು ಇದರಲ್ಲಿ ಸೇರುತ್ತವೆ. ಮೊದಲಿನಷ್ಟೇ ಉದ್ದಗಲ, ಮೊದಲಿನಷ್ಟೇ ಎತ್ತರ ಇಟ್ಟು ಕಟ್ಟಡವನ್ನು ಹೊಸದಾಗಿ ಎಬ್ಬಿಸುವುದು ‘ಪುನರ್ನಿರ್ಮಾಣ’. ಇದಕ್ಕೆ ನಿಯಂತ್ರಿತ ಪ್ರದೇಶದಲ್ಲಿ ಅವಕಾಶವುಂಟು, ನಿಷೇಧಿತ ಪ್ರದೇಶದಲ್ಲಿ ಇಲ್ಲ. ಮಳೆಗಾಲದಲ್ಲಿ ಗೋಡೆ ಕುಸಿದು ಮನೆ ನೆಲಸಮವಾದರೆ ಅದೇ ಅಡಿಪಾಯದ ಮೇಲೆ ಅದೇ ಮನೆಯನ್ನು ಎತ್ತುವುದಕ್ಕೂ ದಾರಿಯಿಲ್ಲವೆಂದರ್ಥ. ಕಾಲಕಾಲಕ್ಕೆ ಮಣ್ಣು ಮೆತ್ತಿ ಉಳಿಸಿಕೊಳ್ಳಬೇಕಾದ ಮಾಳಿಗೆ ಮನೆಗಳ ಸೀಮೆಗೆ ಈ ವಿಂಗಡಣೆ ಹೊಂದುವುದಿಲ್ಲ. ಮನೆಯ ವಯಸ್ಸನ್ನು ತೋರಿಸಬೇಕಾದವನೂ ಒಡೆಯನೇ. ಪಂಚಾಯತಿಯ ಹಳೆಯ ಉತಾರ, ಕರ ತುಂಬಿದ ಪಾವತಿ, ಖರೀದಿಪತ್ರಗಳು ಇಲ್ಲದವನಿಗೆ ಅಜ್ಜನ ಕಾಲದ ಮನೆಯೆಂಬ ಊರವರ ಮಾತು ಮಾತ್ರ ಆಸರೆ. ಕಡತದಲ್ಲಿ ಅದು ಹಗುರವಾದ ಪುರಾವೆ.

ಅರ್ಜಿ ಸಲ್ಲುವುದು ‘ಸಕ್ಷಮ ಪ್ರಾಧಿಕಾರ’ಕ್ಕೆ, ಪುರಾತತ್ವ ನಿರ್ದೇಶಕ ಅಥವಾ ಆಯುಕ್ತರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಈ ಹೊಣೆ ಹೊರುತ್ತಾನೆ. ಗ್ರಾಮ ಪಂಚಾಯತಿಯ ಕಟ್ಟಡ ಪರವಾನಗಿ ಇದಕ್ಕೆ ಬದಲಿಯಾಗದು. ರಕ್ಷಿತ ಗಡಿಯಿಂದ ಇರುವ ದೂರ, ಅಡಿಪಾಯದ ಆಳ, ಮೇಲಿನ ನೀರಿನ ತೊಟ್ಟಿಯೂ ಸೇರಿದಂತೆ ಕಟ್ಟಡದ ಒಟ್ಟು ಎತ್ತರಗಳನ್ನು ಅರ್ಜಿಯಲ್ಲಿ ಕಾಣಿಸಬೇಕು. ಅಧಿಕಾರಿಯು 15 ದಿನಗಳಲ್ಲಿ ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು. ಪ್ರಾಧಿಕಾರವು ಎರಡು ತಿಂಗಳಲ್ಲಿ ಶಿಫಾರಸು ತಿಳಿಸಬೇಕು. ಅದು ಬಂದ ಒಂದು ತಿಂಗಳಲ್ಲಿ ಅನುಮತಿ ಅಥವಾ ನಿರಾಕರಣೆ ಅರ್ಜಿದಾರನ ಕೈ ಸೇರಬೇಕು. ಎತ್ತರ, ಮುಖಭಾಗಗಳ ಬಗೆಗೆ ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಪಾರಂಪರಿಕ ಉಪವಿಧಿಗಳು ಇರಬೇಕೆಂದು 2010ರ ತಿದ್ದುಪಡಿ ಹೇಳಿದೆ. ಅವು ಸಿದ್ಧವಾದರೆ ಓಣಿಯಲ್ಲಿ ಏನನ್ನು, ಎಷ್ಟು ಎತ್ತರಕ್ಕೆ ಕಟ್ಟಬಹುದೆಂದು ಅರ್ಜಿಗೆ ಮೊದಲೇ ತಿಳಿದೀತು.

ಇಷ್ಟೆಲ್ಲ ಬಿಗಿ ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕಗಳ ಸುತ್ತ ಮಾತ್ರ. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕದ ಕಾಯಿದೆ ಮತ್ತು ಅದರ ನಿಯಮಗಳೇ ಆಧಾರ. 2010ರ ತಿದ್ದುಪಡಿ ಅವುಗಳಿಗೆ ತಾಗುವುದಿಲ್ಲ. ಎರಡೂ ಪಟ್ಟಿಗಳಲ್ಲಿ ಇಲ್ಲದ ಗುಡಿಗೆ, ಬಾವಿಗೆ, ಹಿತ್ತಿಲಲ್ಲಿ ನಿಂತ ವೀರಗಲ್ಲಿಗೆ ಈ ಯಾವ ವಲಯವೂ ಇಲ್ಲ. ಪಟ್ಟಿಯ ಗುಡಿಯಿಂದ 290 ಮೀಟರ್ ದೂರದಲ್ಲಿ ಕೋಣೆಯೊಂದನ್ನು ಕಟ್ಟಲು ದೆಹಲಿಯ ಶಿಫಾರಸು ಬೇಕು. 310 ಮೀಟರ್ ದೂರದಲ್ಲಿ, ಪಟ್ಟಿಯಲ್ಲಿಲ್ಲದ ಮೆಟ್ಟಿಲುಬಾವಿಯ ದಂಡೆಗೆ ತಾಗಿ ಗೋಡೆ ಎಬ್ಬಿಸುವವನನ್ನು ಕೇಂದ್ರದ ಅಧಿನಿಯಮ ಕೇಳುವುದಿಲ್ಲ. ನೂರೊಂದರ ಎಣಿಕೆಯಲ್ಲಿ ಉಳಿದವುಗಳನ್ನು ಸರ್ವೆ ನಂಬರು, ಚೆಕ್ಕುಬಂದಿ ಸಹಿತ ದಾಖಲಿಸಿದರಷ್ಟೇ ಅವುಗಳ ಪರವಾಗಿ 4ನೆಯ ಪ್ರಕರಣದ ಬಾಗಿಲು ತಟ್ಟಲು ಸಾಧ್ಯ. ಬಾವಿಯ ಹೆಸರು, ಅದರ ಹಬ್ಬದ ದಿನ, ನೀರೆತ್ತುತ್ತಿದ್ದ ಮನೆತನಗಳನ್ನು ಬರೆದಿಟ್ಟುಕೊಳ್ಳುವ ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿ ಈ ಎರಡು ಅಂಶಗಳು ಸಾಮಾನ್ಯವಾಗಿ ಕಾಣೆಯಾಗಿರುತ್ತವೆ.